ನಾಲ್ಕು ಇಪ್ಪತ್ತರ ಅಲಾರಂ

ರಮಜಾನ್ ಹಬ್ಬದ ಮರುದಿನ ಬೆಳಗ್ಗೆ ಎಂಟಕ್ಕೆ ಅಲಾರಂ ಹೊಡೆದುಕೊಂಡಿತು. ನಾನು ಒಲೆಯ ಮುಂದೆ ಉಪ್ಪಿಟ್ಟು ತಿರುವುತ್ತಿದ್ದೆ. ಅದು ನನ್ನತ್ತೆ ಜೈತೂನಬಿಯ ಸಕ್ಕರೆ ಕಾಯಿಲೆಯ ಗುಳಿಗೆಯ ಹೊತ್ತು. ಅವಳು ನನಗೆ ಅಮ್ಮಿ. ಅಮ್ಮಿಗೆ ಓದು ಬಾರದು. ಅಲಾರಂ ಹೊಡೆದರೆ ದಿಂಬಿನ ಪಕ್ಕದ ಬಟ್ಟಲಲ್ಲಿದ್ದುದನ್ನು ನುಂಗುವುದು, ಫೋನು ನಿಲ್ಲಿಸುವುದು, ಅಷ್ಟೇ ಗೊತ್ತು.

ಅಂದು ಫೋನು ನಿಲ್ಲಲೇ ಇಲ್ಲ. ಒಳಗೆ ಹೋಗಿ ಬೈಯೋಣವೆಂದು ಹೊರಟೆ.

ಅಮ್ಮಿ ಹಾಸಿಗೆಯಲ್ಲಿ ಕೂತಿದ್ದಳು. ಕುಪ್ಪಸ ಬೆವರಿಗೆ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು. ಬಟ್ಟಲು ಖಾಲಿ. ಗುಳಿಗೆ ಇಡುವುದನ್ನೇ ಮರೆತೆನೆಂದುಕೊಂಡು, ಪಟ್ಟಿಯಿಂದ ಒಂದು ಒತ್ತಿ ತೆಗೆದು ಅವಳ ತುಟಿಯವರೆಗೆ ಒಯ್ದೆ.

"ಸೆಹರಿ ಆತೇನ ಬೇಟಿ? ಗುಳಿಗಿ ತಗೊಂಡೇನಿ ಆಗಲೇ."

ಗುಳಿಗೆ ಹಿಂದಕ್ಕೆಳೆದುಕೊಂಡೆ. ಫೋನಿನ ಅಲಾರಂ ಪಟ್ಟಿ ತೆರೆದೆ. ನಾಲ್ಕು ಇಪ್ಪತ್ತು, ಪ್ರತಿದಿನ. ರಮಜಾನಿನಲ್ಲಿ ಡಾಕ್ಟರು ಹೇಳಿದಂತೆ ಸೆಹರಿಯ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟದ, ಅರ್ಧ ಗುಳಿಗೆಗೆ ಹಾಕಿದ್ದೆ. ಹಬ್ಬದ ದಿನ ಅದು ಹೊಡೆದಾಗ 'ನಿಲ್ಲಿಸು' ಒತ್ತಿ, ಮುಗಿಯಿತು ಅಂದುಕೊಂಡು, ಎಂಟರದ್ದು ಹೊಸದಾಗಿ ಹಾಕಿದ್ದೆ. ನಿಲ್ಲಿಸಿದರೆ ಆ ದಿನಕ್ಕೆ ನಿಲ್ಲುತ್ತದೆ. ಪ್ರತಿದಿನದ್ದನ್ನು ಪಟ್ಟಿಗೇ ಹೋಗಿ ಬಂದ್ ಮಾಡಬೇಕು. ನಾನು ದೊಡ್ಡ ಜಾಣೆ! ರಾತ್ರಿಯೇ ಬಟ್ಟಲಿಗೆ ಬೆಳಗಿನ ಇಡೀ ಗುಳಿಗೆಯನ್ನೂ ಹಾಕಿಟ್ಟಿದ್ದೆ. ಇಂದು ನಸುಕಿಗೆ ಆ ಅಲಾರಂ ಮತ್ತೆ ಹೊಡೆದು, ಸೆಹರಿಯ ಊಟವಿಲ್ಲದ ಖಾಲಿ ಹೊಟ್ಟೆಗೆ ಅದು ಇಳಿದು ನಾಲ್ಕು ತಾಸಾಗುತ್ತ ಬಂದಿತ್ತು.

ಕೈಲಿದ್ದ ಗುಳಿಗೆ ಎಲ್ಲಿ ಎಸೆದೆನೋ ನೆನಪಿಲ್ಲ.

"ಮೈಲವ್ವಾ, ಲಗೂ ಬಾ!" ಎಂದು ಪಕ್ಕದ ಮನೆಗೆ ಕೇಳುವಂತೆ ಕೂಗಿ, ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿದೆ. ಅಮ್ಮಿ ನುಂಗುವಷ್ಟು ಎಚ್ಚರವಿದ್ದಳು, ಅದೊಂದೇ ಪುಣ್ಯ. ಒಂದೊಂದು ಗುಟುಕಿಗೂ ಅವಳ ಗಂಟಲನ್ನೇ ನೋಡುತ್ತಿದ್ದೆ. ಮೈಲವ್ವ ಬಾಗಿಲಲ್ಲೇ ನಿಂತು ಆಟೋದವನಿಗೆ ಫೋನು ಹಚ್ಚಿದಳು.

"ಸಕ್ಕರಿ ಕುಡಿಸೀದಿ, ಇನ್ನ ಆರಾಮ ಆಗತಾಳ ಬಿಡು," ಎಂದಳು. ನನಗೆ ನಂಬಿಕೆ ಬರಲಿಲ್ಲ.

ಬ್ಯಾಡಗಿಯ ದವಾಖಾನೆಯಲ್ಲಿ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರು: ಐವತ್ತೆಂಟು. ಸಕ್ಕರೆ ಕುಡಿಸಿದ ಮೇಲೂ ಅಷ್ಟು ಕಡಿಮೆ.

"ಈ ಗುಳಿಗೀದು ಜೋರು ಲಗೂ ಇಳಿಯೂದಿಲ್ಲ, ಸಕ್ಕರಿ ಮತ್ತ ಕಡಿಮಿ ಆಗಬಹುದು. ನಾಳಿತನಕಾ ಇಲ್ಲೇ ಇರ್ರಿ. ನಾ ಹೇಳೂತನಕಾ ಗುಳಿಗಿ ಕೊಡಬ್ಯಾಡ್ರಿ," ಎಂದರು ಡಾಕ್ಟರು.

ಸಲಾಯಿನ್ ಹಚ್ಚಿದ ಮೇಲೆ ಅಮ್ಮಿಯ ಮುಖಕ್ಕೆ ಬಣ್ಣ ಬಂತು. ಹೊರಗೆ ನಿಂತು ಒಂದೊಂದೇ ಅಲಾರಂ ತೆಗೆದುಹಾಕಿದೆ. ಪಟ್ಟಿ ಖಾಲಿಯಾಯಿತು, ಆದರೂ ಎರಡೆರಡು ಸಲ ನೋಡಿದೆ. ಈ ಬೆರಳಿಂದಲೇ ಅಲ್ಲವೇ ಕೊಲ್ಲಲು ಹೊರಟಿದ್ದೆ ಎನ್ನಿಸಿ ಅಳು ಬಂತು.

ಮಧ್ಯಾಹ್ನ ಅಮ್ಮಿ ಮಲಗಿದ್ದಳು. ಪಕ್ಕದ ಮಂಚದ ಯಾರದೋ ಫೋನು ಹೊಡೆದುಕೊಂಡಿತು, ನಮ್ಮ ಅಲಾರಂನದೇ ರಾಗ. ಅಮ್ಮಿ ಕಣ್ಣು ತೆರೆಯಲಿಲ್ಲ. ಸಲಾಯಿನ್ ಸೂಜಿ ಚುಚ್ಚಿದ್ದ ಕೈಯನ್ನೇ ಮೆಲ್ಲಗೆ ನನ್ನತ್ತ ಚಾಚಿ, ಅಂಗೈ ಬಿಡಿಸಿದಳು.

"ಗುಳಿಗಿ ಕೊಡು, ಬೇಟಿ."