ಅತ್ತೆ ಸತ್ತ ಹೊತ್ತು

ಶಾಗ್ಯದ ಗುರುಸಿದ್ದಮ್ಮ ಬದುಕಿದ್ದಷ್ಟು ಕಾಲವೂ ಸೊಸೆ ದೀಪಳಿಗೆ ಅಪ್ಪಣೆ ಕೊಡುತ್ತಲೇ ಇದ್ದಳು. ಸಾರಿಗೆ ಉಪ್ಪು ಎಷ್ಟು, ಕರುವಿಗೆ ಹಗ್ಗ ಎಷ್ಟುದ್ದ, ಟೀವಿ ಸೌಂಡು ಎಷ್ಟಿರಬೇಕು, ಎಲ್ಲಕ್ಕೂ ಒಂದೊಂದು ಅಪ್ಪಣೆ. ಆದರೆ ತಾನು ಸತ್ತ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಕೊಟ್ಟಿದ್ದು ಎರಡೇ ಎರಡು. ಆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅಂತ ಪಾಪ, ಆ ಮಹಾತಾಯಿಗೂ ಹೊಳೆದಿರಲಿಲ್ಲ.

ಮೊದಲನೆಯದು ಹಾಲಿನದು. ಗುರುಸಿದ್ದಮ್ಮನ ಗಂಡ ತೀರಿಕೊಂಡದ್ದು ಒಂದು ಬೆಳಗಿನ ಜಾವ. ಆಗ ಅವಳು ಎದೆ ಬಡಿದುಕೊಂಡು ಅತ್ತು, ಊರೆಲ್ಲ ಅಂಗಳಕ್ಕೆ ಬಂದು, ಹಸು ಕರೆಯುವವರೇ ಇಲ್ಲದೆ ಮಧ್ಯಾಹ್ನದವರೆಗೆ ಅವು ಕೂಗಿಕೊಂಡವು. ಒಂದಕ್ಕೆ ಕೆಚ್ಚಲು ಬಾವು ಬಂದು ಒಂದು ಮೊಲೆಯೇ ಕೆಟ್ಟುಹೋಯಿತು. "ನಾನು ಸತ್ರೆ ಮೊದ್ಲು ಹಾಲು ಕರ್ದು ಡೈರಿಗೆ ಹಾಕ್ಬುಟ್ಟು ಬಾ. ಆಮೇಲೆ ಎಷ್ಟು ಬೇಕೋ ಅಷ್ಟು ಬಾಯಿ ಬಡ್ಕೊ. ಸತ್ತೋಳು ಎಲ್ಗೂ ಓಡೋಗಕಿಲ್ಲ ಕಣವ್ವ" ಅಂದಿದ್ದಳು.

ಎರಡನೆಯದು ಕಣ್ಣಿನದು. ಹೋದ ವರ್ಷ ಕೊಳ್ಳೇಗಾಲದಲ್ಲಿ ಅವಳಿಗೆ ಪೊರೆ ಆಪರೇಷನ್ ಆದಾಗ ಪಕ್ಕದ ಮಂಚದಲ್ಲಿ ಆಶಾರಾಣಿ ಅನ್ನುವ ಹುಡುಗಿಯಿದ್ದಳು. ಕಬ್ಬು ಕಡಿಯುವಾಗ ಸೋಗೆ ಕಣ್ಣಿಗೆ ಹೊಡೆದು, ಹುಣ್ಣಾಗಿ, ಕರಿಗುಡ್ಡೆಯ ಮೇಲೆಲ್ಲ ಬಿಳಿ ಕಲೆ ಕೂತಿತ್ತು. ಯಾರಾದರೂ ಸತ್ತವರು ಕಣ್ಣು ಕೊಟ್ಟರೆ ಅವಳಿಗೆ ಕಾಣುತ್ತದೆ, ಹೆಸರು ಬರೆಸಿ ಕಾಯುತ್ತಿದ್ದಾಳೆ ಅಂತ ಗೊತ್ತಾಗಿದ್ದೇ ತಡ, ಗುರುಸಿದ್ದಮ್ಮ ಕಣ್ಣಿನ ವಿಭಾಗದ ಟೆಕ್ನಿಷಿಯನ್ ರಂಗರಾಜುವನ್ನು ಹಿಡಿದುಕೊಂಡಳು. ನನಗೆ ಎಪ್ಪತ್ತೆಂಟು, ಶುಗರ್ರಿದೆ, ಪೊರೆ ಬೇರೆ ತೆಗೆದಿದ್ದೀರಿ, ನನ್ನದು ನಡೆಯುತ್ತಾ ಅಂತ ಕೇಳಿದಳು. ನಡೆಯುತ್ತೆ ಅಂದ. ನೇತ್ರದಾನದ ಕಾರ್ಡು ಮನೆಗೆ ಬಂದು ಕ್ಯಾಲೆಂಡರಿನ ಮೊಳೆಗೆ ನೇತುಬಿತ್ತು. "ಕಾರ್ಡಿದ್ರೆ ಸಾಲ್ದಂತೆ, ಮನೇರು ಒಪ್ಬೇಕಂತೆ. ನೀನು ನೋಡ್ಕೊ" ಅಂತ ಅದನ್ನೂ ಸೊಸೆಯ ತಲೆಗೇ ಕಟ್ಟಿದಳು.

ಆ ಮಂಗಳವಾರ ಬೆಳಿಗ್ಗೆ ಐದೂವರೆಗೆ "ಕರೀ ಹಸೀಗೆ ಬೂಸ ಕಲಸ್ದ್ಯಾ?" ಅಂತ ಒಳಗಿನಿಂದ ಕೂಗಿದ್ದು ಗುರುಸಿದ್ದಮ್ಮನ ಕೊನೆಯ ಮಾತು. ಐದು ಐವತ್ತಕ್ಕೆ ದೀಪ ಕಾಫಿ ತೆಗೆದುಕೊಂಡು ಹೋದರೆ ಉಸಿರಿಲ್ಲ, ನಾಡಿಯಿಲ್ಲ, ಮುಖದಲ್ಲಿ ಮಾತ್ರ ಇನ್ನೂ ಏನೋ ಹೇಳುವುದು ಬಾಕಿಯಿದೆ ಅನ್ನುವ ಗತ್ತು. ಗಂಡ ಮಹದೇವಪ್ರಸಾದ್ ಪಂಪು ಹಾಕಲು ಹೊಲಕ್ಕೆ ಹೋಗಿದ್ದ, ಫೋನು ಮನೆಯಲ್ಲೇ ಬಿಟ್ಟಿದ್ದ. ದೀಪ ಕಾಫಿ ಲೋಟ ಕೆಳಗಿಟ್ಟಳು. ಕೊಟ್ಟಿಗೆಯಲ್ಲಿ ಹಸು ಕೂಗಿತು. ಅವಳು ಅತ್ತೆಯ ಕಣ್ಣು ಮುಚ್ಚಿ, ಹೊದಿಕೆ ಎಳೆದು, ಬಕೆಟ್ಟು ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು.

ಮೂರು ಹಸು ಕರೆದಳು. ಡೈರಿಯ ಸಾಲಿನಲ್ಲಿ ನಿಂತಳು. "ಅತ್ತೆ ಎಂಗವ್ರೆ?" ಅಂದವರಿಗೆ "ಮಲಗವ್ರೆ" ಅಂದಳು, ಅದೇನು ಸುಳ್ಳಲ್ಲವಲ್ಲ. ಮನೆಗೆ ಬಂದು, ಎಂಟು ಗಂಟೆಗೆ ಅಂಗಳದಲ್ಲಿ ನಿಂತು, ಆಗಿನಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ಒಟ್ಟಿಗೆ ಬಿಟ್ಟಳು. ಬೀದಿಯೇ ಓಡಿಬಂತು. "ಎಷ್ಟೊತ್ತಾಯ್ತು?" ಅಂತ ಎಲ್ಲರೂ ಕೇಳುವವರೇ. ಅತ್ತೆ ಸತ್ತ ಮೇಲೆ ಹೋಗಿ ಹಾಲು ಹಾಕಿ ಬಂದೆ ಅಂತ ಯಾವ ಸೊಸೆ ಹೇಳುತ್ತಾಳೆ? "ಈಗ್ಲೇ" ಅಂದುಬಿಟ್ಟಳು.

ಎಂಟೂವರೆಗೆ ಗಂಡ ಬಂದ. ಅವನು ಅತ್ತು ಮುಗಿಸುವುದನ್ನು ಕಾದು ಕಾರ್ಡು ತೋರಿಸಿದಳು. "ಅವ್ವನ್ ಮಾತು ಅಂದ್ ಮೇಲೆ ಮುಗೀತು, ಮಾಡು ಫೋನ" ಅಂದ. ಫೋನೆತ್ತಿದ ರಂಗರಾಜು ಅವತ್ತು ಯಳಂದೂರಿನ ಕಣ್ಣಿನ ಕ್ಯಾಂಪಿನಲ್ಲಿದ್ದ.

"ತೀರ್ಕೊಂಡಿದ್ದು ಎಷ್ಟೊತ್ಗೆ ಮೇಡಂ?"

ಸುತ್ತ ಹತ್ತು ಜನ ಹೆಂಗಸರು ಕಿವಿ ನೆಟ್ಟಗೆ ಮಾಡಿ ಕೂತಿದ್ದರು. "ಎಂಟಕ್ಕೆ ಸಾ."

"ಆರು ಗಂಟೆಯೊಳಗೆ ತೆಗೀಬೇಕು, ಅಂದ್ರೆ ಎರಡರ ತನಕ ಟೈಮಿದೆ. ಬೇಗ ಆದಷ್ಟೂ ಒಳ್ಳೇದು, ಆದ್ರೆ ಇಲ್ಲಿ ಅರವತ್ತು ಜನ ಸಾಲಲ್ಲವ್ರೆ. ಹನ್ನೊಂದೂವರೆಗೆ ಹೊರಟ್ಬುಡ್ತೀನಿ. ಅಲ್ಲೀವರ್ಗೂ ಫ್ಯಾನ್ ಆಫ್ ಮಾಡಿ. ಕಣ್ಣು ಮುಚ್ಚಿ ಒದ್ದೆ ಹತ್ತಿ ಇಡಿ. ತಲೆ ಕೆಳಗೆ ಎರಡು ದಿಂಬು ಹಾಕಿ."

ದೀಪ ಅದೆಲ್ಲ ಮಾಡಿದಳು. ಒಂಬತ್ತಕ್ಕೆ ಬಂಡಳ್ಳಿಯಿಂದ ಅತ್ತಿಗೆ ಲಕ್ಷ್ಮಿದೇವಿ ಬಂದಳು. ಗುರುಸಿದ್ದಮ್ಮನ ಮಗಳು, ಗಂಟಲಿನಲ್ಲಿ ತಾಯಿಯನ್ನೇ ಮೀರಿಸಿದವಳು. ಬಂದವಳೇ ತಾಯಿಯ ಮೇಲೆ ಬಿದ್ದು ಅತ್ತು, ಎದ್ದು ಫ್ಯಾನ್ ಹಾಕಿದಳು. ದೀಪ ಬಂದು ಫ್ಯಾನ್ ಆರಿಸಿದಳು. ಲಕ್ಷ್ಮಿದೇವಿ ಮತ್ತೆ ಹಾಕಿದಳು.

"ಬದುಕಿದ್ದಾಗ್ಲೂ ಕರೆಂಟ್ ಬಿಲ್ಲು ಅಂತಿದ್ದೆ, ಸತ್ತ ಮೇಲೂ ಗಾಳಿ ಬ್ಯಾಡ್ವಾ ನಮ್ಮವ್ವಂಗೆ?"

"ಅತ್ಗೆ, ಗಾಳಿಗೆ ಕಣ್ಣು ಒಣಗೋಯ್ತದಂತೆ. ಒಣಗುದ್ರೆ ಯಾರ್ಗೂ ಆಗಕಿಲ್ವಂತೆ."

ಅತ್ತಿಗೆ ಮೂಗು ಒರೆಸಿಕೊಂಡು ಸ್ವಿಚ್ಚಿನಿಂದ ಕೈ ತೆಗೆದಳು, ಆದರೆ ಅಲ್ಲಿಂದ ಅಲ್ಲಾಡಲಿಲ್ಲ.

ಆಗ ಬಂದರು ನೋಡಿ, ಪುಟ್ಟಸಿದ್ದಯ್ಯ. ಗುರುಸಿದ್ದಮ್ಮನ ಮೈದುನ, ಎಂಬತ್ತರ ಮುದುಕ. ಇವರ ಮನೆತನದಲ್ಲಿ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುವುದು. ಮೈ ಸೆಟೆಯುವ ಮೊದಲೇ ಕಾಲು ಮಡಿಸಬೇಕು. ಊರಿನಲ್ಲಿ ಆ ಕೆಲಸಕ್ಕೆ ಅವರೇ ಸೈ, ನೂರಾರು ಜನರನ್ನು ಕೂರಿಸಿದ ಕೈ. ಗುರುಸಿದ್ದಮ್ಮನ ದವಡೆ ಮುಟ್ಟಿದರು, ಕತ್ತು ಮುಟ್ಟಿದರು, ಹುಬ್ಬು ಗಂಟಿಕ್ಕಿದರು.

"ಎಂಟ್ಗಂಟೆ ಅಂದ್ರಲ್ಲವ್ವ. ಒಂದೂವರೆ ಗಂಟೇಲಿ ಕತ್ತು ಇಷ್ಟು ಬಿಗಿಯಾಯ್ತದಾ?"

ದೀಪ ಗೋಡೆ ಗಡಿಯಾರ ನೋಡಿದಳು, ಒಂಬತ್ತೂವರೆ. ಅತ್ತೆ ಕೊನೆಗೆ ಮಾತಾಡಿದ್ದು ಐದೂವರೆಗೆ, ಅದಕ್ಕೆ ಆರು ಸೇರಿಸಿದರೆ ಹನ್ನೊಂದೂವರೆ. ಆ ಮನುಷ್ಯ ಯಳಂದೂರು ಬಿಡುವುದೇ ಹನ್ನೊಂದೂವರೆಗೆ! ಅವನು ಬರುವ ಹೊತ್ತಿಗೆ ಅತ್ತೆಯ ಕಣ್ಣು ಕೆಟ್ಟಿರುತ್ತದೆ. ಬಾಯಿ ಬಿಟ್ಟರೆ ಮಾನ ಹೋಯಿತು, ಬಿಡದಿದ್ದರೆ ಕಣ್ಣು ಹೋಯಿತು. ಮಾನ ಇವತ್ತು ಹೋದರೆ ನಾಳೆ ಹೇಗೋ ನೋಡಿಕೊಳ್ಳಬಹುದು, ಅತ್ತೆಯ ಕಣ್ಣಿಗೆ ನಾಳೆ ಅನ್ನುವುದಿಲ್ಲ.

ಅಷ್ಟು ಜನರ ಎದುರೇ ಫೋನ್ ಒತ್ತಿದಳು.

"ಸಾ, ನಾನು ಸುಳ್ಳು ಏಳ್ದೆ. ಅತ್ಯಮ್ಮ ಮಾತಾಡಿದ್ದೇ ಐದೂವರೆಗೆ ಕೊನೆ. ಐದು ಐವತ್ತಕ್ಕೆ ನೋಡ್ದಾಗ ಇರ್ನಿಲ್ಲ. ನಾನು ಹಾಲು ಕರ್ದು, ಡೈರಿಗೆ ಹಾಕ್ಬುಟ್ಟು ಬಂದ್ ಮೇಲೆ ಅತ್ತಿದ್ದು."

"ಹಂಗಾದ್ರೆ ಐದೂವರೆಯಿಂದ್ಲೇ ಲೆಕ್ಕ ಮೇಡಂ. ಹೊರಟೆ" ಅಂದ, ಫೋನಿಟ್ಟ.

ಕೋಣೆ ಸಿಡಿಯಿತು. "ಅಯ್ಯೋ ಪಾಪಿ! ನಮ್ಮವ್ವ ಹೆಣವಾಗಿ ಬಿದ್ದಿದ್ರೆ ನೀನು ಕ್ಯಾನು ಹಿಡ್ಕಂಡು ಹೋಗಿದ್ದ್ಯಾ?" ಅಂತ ಲಕ್ಷ್ಮಿದೇವಿ ಎದ್ದು ನಿಂತಳು.

"ಅವ್ರೇ ಏಳಿದ್ರು ಅತ್ಗೆ. ಮಾವನ್ ಸಾವಲ್ಲಿ ಹಸ ಕೆಚ್ಚಲು ಬಾವು ಬಂದು ಒದ್ದಾಡ್ತಲ್ಲ, ಅವತ್ತಿಂದ ಏಳ್ತಿದ್ರು."

"ಏಳಿದ್ದುಂಟು ಕಣಮ್ಮಿ" ಅಂದರು ಪುಟ್ಟಸಿದ್ದಯ್ಯ. "ನಂಗೂ ಏಳಿದ್ಳು." ಲಕ್ಷ್ಮಿದೇವಿ ಗೋಡೆಗೆ ಒರಗಿ ಕುಸಿದು ಕೂತಳು. ದೀಪಳ ಮುಖ ನೋಡಲಿಲ್ಲ.

ರಂಗರಾಜು ಕೊಳ್ಳೇಗಾಲ ದಾಟಿ, ಹನೂರಿನಲ್ಲಿ ಡಾಕ್ಟರನ್ನು ಹತ್ತಿಸಿಕೊಂಡು ಶಾಗ್ಯ ಮುಟ್ಟಿದಾಗ ಹತ್ತು ಐವತ್ತೈದು. ಡಾಕ್ಟರು ನೋಡಿ ಸಾವಿನ ಚೀಟಿ ಬರೆದರು. ಒಪ್ಪಿಗೆ ಕಾಗದಕ್ಕೆ ಮಗ ಸಹಿ ಹಾಕಿದ. ಪೆನ್ನು ಸುತ್ತಿ ಬಂದು ಲಕ್ಷ್ಮಿದೇವಿಯ ಮುಂದೆ ನಿಂತಿತು.

"ಗುಡ್ಡೆ ಕಿತ್ಕಂಡು ಓಯ್ತಾರಾ? ಗುಳಿ ಬಿದ್ದ ಮುಖ ಕೂರಿಸಿ ಪೂಜೆ ಮಾಡ್ಬೇಕಾ ನಾವು?"

"ಇಲ್ಲಮ್ಮ" ಅಂದ ರಂಗರಾಜು. "ವಾಚಿಗೆ ಮೇಲೆ ಗಾಜಿರ್ತದಲ್ಲ, ಹಂಗೆ ಕರಿಗುಡ್ಡೆ ಮುಂದೆ ಒಂದು ತೆಳು ಪದರ ಅದೆ, ಕಾರ್ನಿಯ ಅಂತ. ಅದನ್ನ ಮಾತ್ರ ತೆಗೆಯೋದು. ಜಾಗಕ್ಕೆ ಒಂದು ಪ್ಲಾಸ್ಟಿಕ್ ಮುಚ್ಚಳ ಇಟ್ಟು ರೆಪ್ಪೆ ಮುಚ್ಚಿದ್ರೆ ನಿಮ್ಮವ್ವ ನಿದ್ದೆ ಮಾಡ್ದಂಗೇ ಇರ್ತಾರೆ."

ಅವಳು ಸಹಿ ಹಾಕಿದಳು. ಬಾಗಿಲು ಮುಚ್ಚಿತು. ಮೊದಲು ಪರೀಕ್ಷೆಗೆ ಒಂದಿಷ್ಟು ರಕ್ತ, ಆಮೇಲೆ ಒಂದೊಂದು ಕಣ್ಣು. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಗುಲಾಬಿ ಬಣ್ಣದ ನೀರು ತುಂಬಿದ ಎರಡು ಪುಟ್ಟ ಸೀಸೆ ಐಸಿನ ಡಬ್ಬದೊಳಗೆ ಕೂತವು. ದೀಪ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತೆರಡು. ಅಲ್ಲೇ ಬಾಗಿಲ ಪಕ್ಕ ಕೂತು, ಬೆಳಗಿನ ಅಳುವಲ್ಲ, ಬೇರೆ ಅಳು ಅತ್ತಳು. ಹನ್ನೊಂದು ವರ್ಷ ದಿನಕ್ಕೆರಡು ಸಲ ಜಗಳವಾಡಿದ ಅತ್ತೆ ಇನ್ನಿಲ್ಲ ಅನ್ನುವುದು ಅವಳಿಗೆ ನಿಜವಾಗಿ ತಟ್ಟಿದ್ದು ಆಗಲೇ.

ಪುಟ್ಟಸಿದ್ದಯ್ಯ ಡಬ್ಬ ಹೊತ್ತ ರಂಗರಾಜುವನ್ನು ಜೀಪಿನ ತನಕ ಹೋಗಿ ಅಡ್ಡ ಹಾಕಿದರು. "ನಂದೂ ಆಯ್ತದಾ? ಎಂಬತ್ತು ದಾಟೈತೆ, ಸೋಡಾಗ್ಲಾಸು ಬೇರೆ."

"ವಯಸ್ಸು, ಕನ್ನಡಕ, ಬೀಪಿ ಯಾವುದೂ ಅಡ್ಡಿಯಿಲ್ಲ ಯಜಮಾನ್ರೇ. ಹುಚ್ಚುನಾಯಿ ಕಚ್ಚಿ ಸತ್ತವರು, ಎಚ್‌ಐವಿ, ಲಿವರಿಗೆ ಬರೋ ಕೆಟ್ಟ ಕಾಮಾಲೆ, ರಕ್ತದ ಕ್ಯಾನ್ಸರು, ಮೈಯೆಲ್ಲ ನಂಜೇರಿದವರು, ಅಂಥವರದ್ದು ಮಾತ್ರ ಬ್ಯಾಡ. ಅದಕ್ಕೇ ರಕ್ತ ತಕಂಡಿದ್ದು."

"ಇದ ಅಲ್ಲಿ ಎಂಗೆ ಅಂಟಿಸ್ತೀರಿ?"

"ಕಣ್ಣಿನ ಬ್ಯಾಂಕಲ್ಲಿ ಮೈಕ್ರೋಸ್ಕೋಪ್ ಕೆಳಗೆ ನೋಡಿ ಚೆನ್ನಾಗಿದ್ರೆ ಒಂದೊಂದು ಕಣ್ಣು ಒಬ್ಬೊಬ್ಬರಿಗೆ. ಕಲೆ ಬಿದ್ದ ಪದರಾನ ಡಾಕ್ಟರು ಮಧ್ಯದಲ್ಲಿ ಗುಂಡಗೆ, ಅಂಗಿ ಗುಂಡಿಗಿಂತ ಸಣ್ಣದಾಗಿ ಕತ್ತರಿಸಿ ತೆಗೀತಾರೆ. ಆ ಜಾಗಕ್ಕೆ ಈ ಅಮ್ಮನ ಪದರಾನ ಒಂದು ಚೂರು ದೊಡ್ಡದಾಗಿ ಕತ್ತರಿಸಿ ಕೂರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಸುತ್ತಲೂ ಹದಿನಾರು ಹೊಲಿಗೆ ಹಾಕ್ತಾರೆ. ದೃಷ್ಟಿ ಒಂದೇ ದಿನಕ್ಕೆ ಬರಲ್ಲ, ತಿಂಗಳುಗಟ್ಟಲೆ ಡ್ರಾಪ್ಸ್ ಹಾಕ್ಕೊಂಡು ಕಾಯ್ಬೇಕು."

"ಓ, ಅದೂ ಕೂರ್ಸೋದೇಯಾ" ಅಂತ ಮುದುಕ ತೃಪ್ತಿಯಿಂದ ಒಳಗೆ ಬಂದರು. ಸೆಟೆದ ಕೈಕಾಲನ್ನು ಬಿಸಿನೀರು ಹಾಕಿ ತೀಡಿ ತೀಡಿ, ಬೈದುಕೊಂಡೇ, ಗುರುಸಿದ್ದಮ್ಮನನ್ನು ನೆಟ್ಟಗೆ ಕೂರಿಸಿದರು. ಗುಳಿಯಿಲ್ಲ, ಗಾಯವಿಲ್ಲ. ಲಕ್ಷ್ಮಿದೇವಿ ತಾಯಿಯ ರೆಪ್ಪೆಯ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿದಳು.

ಊರು ಮಾತಾಡದೆ ಬಿಡಲಿಲ್ಲ. "ಅತ್ತೆ ಸತ್ರೂ ಕ್ಯಾನು ಬಿಡ್ನಿಲ್ಲ" ಅಂತ ಡೈರಿಯ ಸಾಲಿನಲ್ಲಿ ನಗುವವರು ನಕ್ಕರು. ದೀಪಳೂ ಕೊನೆಗೆ ನಕ್ಕುಬಿಟ್ಟಳು. ಅದಕ್ಕಿಂತ ಅವಳನ್ನು ಕೊರೆದದ್ದು ಅತ್ತಿಗೆಯ ಮೌನ. ತಿಥಿಗೆ ಬಂದಾಗಲೂ ಲಕ್ಷ್ಮಿದೇವಿ ತಮ್ಮನ ಜೊತೆ ಮಾತ್ರ ಮಾತಾಡಿ ಹೋದಳು.

ಒಂದೂವರೆ ತಿಂಗಳಿಗೆ ರಂಗರಾಜು ಫೋನ್ ಮಾಡಿದ. ಎರಡೂ ಕಣ್ಣು ಚೆನ್ನಾಗಿದ್ದವು, ಇಬ್ಬರಿಗೆ ಹಾಕಿದ್ದಾರೆ. ಯಾರಿಗೆ ಅಂತ ಹೇಳುವ ಹಾಗಿಲ್ಲ. "ಅವತ್ತು ನೀವು ಫೋನ್ ಮಾಡ್ದೆ ಇದ್ದಿದ್ರೆ ಎರಡೂ ಮಣ್ಣಿಗೇ ಹೋಗಿರೋವು ಮೇಡಂ." ಆಶಾರಾಣಿಗೇ ಹಾಕಿರಲಿ ಅಂತ ದೀಪ ಮನಸ್ಸಿನಲ್ಲೇ ಕೈ ಮುಗಿದಳು.

ಆ ಸುದ್ದಿ ಬಂಡಳ್ಳಿಗೂ ಹೋಯಿತು. ಮುಂದಿನ ಭಾನುವಾರ ಸಂಜೆ ದೀಪ ಹಾಲು ಕರೆಯುತ್ತಿದ್ದಾಗ ಲಕ್ಷ್ಮಿದೇವಿ ಕೊಟ್ಟಿಗೆಗೇ ಬಂದು ನಿಂತಳು. ಸೊಂಟದ ಚೀಲದಿಂದ ಒಂದು ಕಾಗದ ತೆಗೆದು ಹಿಡಿದಳು. ಕಣ್ಣು ಕೊಡುತ್ತೇನೆ ಅನ್ನುವ ಅರ್ಜಿ. ಹತ್ತಿರದ ಸಂಬಂಧಿ ಅನ್ನುವ ಕಡೆ ಗಂಡನ ಹೆಸರಿಲ್ಲ, ಮಗನ ಹೆಸರಿಲ್ಲ. ದೀಪ, ಶಾಗ್ಯ ಅಂತ ಬರೆಸಿದ್ದಳು.

"ಸಹಿ ಮಾಡು. ನನ್ ಗಂಡ, ಮಗ ಮಾನಕ್ಕೆ ಹೆದರೋ ಜನ. ನಾಕು ಜನ್ರ ಮುಂದೆ ನಿಜ ಏಳಕ್ಕೆ ಅವ್ರ ಕೈಲಾಗಕಿಲ್ಲ."

ದೀಪ ಹಾಲಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದಳು. ಆಮೇಲೆ ತಡೆಯಲಾರದೆ ಕೇಳಿದಳು, "ನಿಮ್ಮನೇಲೂ ಎರಡು ಹಸ ಅವೆ. ಅವತ್ತೂ ಹಾಲು ಕರ್ದು, ಡೈರಿಗೆ ಹಾಕ್ಬುಟ್ಟೇ ಅಳಲಾ ಅತ್ಗೆ?"

ಲಕ್ಷ್ಮಿದೇವಿ ಅಚ್ಚು ಗುರುಸಿದ್ದಮ್ಮನ ಹಾಗೆ ಕಣ್ಣು ಬಿಟ್ಟಳು.

"ಹಾಲು ಕರಿ, ಬ್ಯಾಡ ಅಂದೋರ್ಯಾರು? ಆದ್ರೆ ಮೊದ್ಲು ಫೋನು, ಆಮೇಲೆ ಹಾಲು."