ಹಳದಿ ಟೇಪು

ಹೊಲಿಗೆಯಕ್ಕ ಅಂಗಡಿಗೆ ಬಂದಾಗ ಗಂಟೆ ಮೂರೂ ಕಾಲು. ನಾನು ಇನ್ನೊಬ್ಬರ ಫೋನಿನ ಒಡೆದ ಗಾಜು ಕೀಳುತ್ತಿದ್ದೆ. ಅಂಥ ಹೊತ್ತಲ್ಲಿ ಯಾರು ಮಾತಾಡಿಸಿದರೂ ನನಗೆ ಮೈ ಉರಿಯುತ್ತದೆ. ಇಪ್ಪತ್ತು ವರ್ಷದಿಂದ ಫೋನು ರಿಪೇರಿ ಮಾಡುತ್ತಿದ್ದೇನೆ, ತಾಳ್ಮೆ ಮಾತ್ರ ರಿಪೇರಿಯಾಗಿಲ್ಲ.

"ರಿಪೇರಿಯಣ್ಣ, ಇದು ಸಿಮ್ಮೇ ಇಲ್ಲ ಅಂತಿದೆ, ನೋಡಿ," ಎಂದು ಫೋನನ್ನು ನನ್ನ ಮೂಗಿನ ಕೆಳಗೇ ಹಿಡಿದಳು. "ಸಿಮ್ ಕಾರ್ಡ್ ಇಲ್ಲ" ಎಂದು ತೆರೆಯ ಮೇಲಿತ್ತು. "ಆಸ್ಪತ್ರೆಯಿಂದ ಫೋನ್ ಬರಬೇಕು. ಮೂರೂವರೆಯಿಂದ ಐದರೊಳಗೆ. ಎತ್ತದಿದ್ರೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗ್ತಾರಂತೆ."

ವಿಷಯ ನನಗೆ ಗೊತ್ತಿತ್ತು. ಅವಳು ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹಾಸಿಗೆಯ ಹೊದಿಕೆ, ವೈದ್ಯರ ನಿಲುವಂಗಿ ಹೊಲಿಯಲು ಒಂದೇ ಒಂದು ಜಾಗ ಖಾಲಿಯಿತ್ತು. ಪರೀಕ್ಷೆಗೆ ಹೊಲಿದು ತೋರಿಸಿ ಬಂದ ದಿನ, ಪಟ್ಟಿಯಲ್ಲಿ ತನ್ನದೇ ಮೊದಲ ಹೆಸರು ಎಂದು ಬೀದಿಗೆಲ್ಲ ಹೇಳಿದ್ದಳು.

"ಏನು ಮಾಡಿದ್ರಿ ಇದಕ್ಕೆ?"

"ಏನೂ ಇಲ್ಲಪ್ಪ. ಇವತ್ತು ಮುಖ್ಯವಾದ ಫೋನು ಅಂತ ಬೆಳಿಗ್ಗೆ ಒಂದ್ಸಲ ಕಾರ್ಡ್ ತೆಗೆದು, ಒರೆಸಿ, ಹಾಕಿದೆ. ಈಗ ನೋಡಿದ್ರೆ ಹಿಂಗೆ."

ಹಲ್ಲು ಕಡಿದೆ. ನೆಟ್‌ವರ್ಕ್ ಹೋದಾಗಲೆಲ್ಲ ಕಾರ್ಡ್ ತೆಗೆದು ಹಾಕುವುದು ಅವಳ ಹಳೇ ಚಾಳಿ. ಹಾಗೆ ತೆಗೆಯುವಾಗ ಕಾರ್ಡ್ ಜಾರಿ ಬೀಳುತ್ತದೆ ಎಂದು ಹದಿನೈದು ದಿನದ ಹಿಂದೆ ಬಂದಿದ್ದಳು. ಆವತ್ತೂ ನನಗೆ ಪುರುಸೊತ್ತಿರಲಿಲ್ಲ. ಒಂದು ಸಣ್ಣ ಟೇಪಿನ ಚೂರಿನಿಂದ ಕಾರ್ಡನ್ನು ಅದು ಕೂರುವ ಪುಟ್ಟ ತಟ್ಟೆಗೆ ಅಂಟಿಸಿ, ಹೋಗಿ ಎಂದು ಕಳಿಸಿದ್ದೆ.

ಪಿನ್ನು ಚುಚ್ಚಿ ತಟ್ಟೆ ಎಳೆದೆ. ಕಾರ್ಡ್ ಇತ್ತು, ಟೇಪು ಇರಲಿಲ್ಲ.

"ನಾನು ಅಂಟಿಸಿದ್ದು ಎಲ್ಲಿ? ಉಗುರಲ್ಲಿ ಕೆರೆದು ಕಿತ್ರಾ?"

"ಇಲ್ಲ ಕಣಣ್ಣ, ನಾನು ಅದನ್ನ ಮುಟ್ಟೇ ಇಲ್ಲ."

"ತಾನಾಗೇ ಎದ್ದು ಹೋಯ್ತೇನು, ಕಾಲಿದ್ಯಾ ಅದಕ್ಕೆ? ಹೇರ್‌ಪಿನ್ ಹಾಕಿ ತಿವಿದಿರಬೇಕು. ನಿಮ್ಮಂಥವರಿಂದಲೇ ಅರ್ಧ ಫೋನು ಸಾಯೋದು."

ಪಕ್ಕದಲ್ಲಿ ಚಾರ್ಜರು ಕೊಳ್ಳಲು ನಿಂತಿದ್ದವನು ನಕ್ಕ. ಅವಳು ತಲೆ ತಗ್ಗಿಸಿ ಕುರ್ಚಿಯಲ್ಲಿ ಕೂತಳು.

ಫೋನು ಆರಿಸಿ ತಟ್ಟೆ ತೊಳೆಯಲು ಕೂತೆ. ಮೂಲೆಯಲ್ಲಿ ಬಟ್ಟೆಯ ನೂಲು, ಧೂಳು, ಟೇಪಿನ ಅಂಟು. ಮೆತ್ತನೆಯ ಬ್ರಶ್ಶನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದೆ. ಕಾರ್ಡಿನ ಬಂಗಾರ ಬಣ್ಣದ ಮುಖವನ್ನೂ ಒರೆಸಿದೆ. ಪೂರ್ತಿ ಒಣಗಲಿ ಎಂದು ಬಿಟ್ಟೆ. ಅಷ್ಟರಲ್ಲಿ ಗಾಜು ಒಡೆದ ಫೋನಿನವರು ಬಂದರು, ಅವರೊಡನೆ ಜಗಳವಾಯಿತು. ಮುಗಿಸಿ ಕಾರ್ಡ್ ಹಾಕಿ ಫೋನು ಹಚ್ಚಿದಾಗ ಮೂರು ಮುಕ್ಕಾಲು.

ಸಿಮ್ ಕಾರ್ಡ್ ಇಲ್ಲ.

"ಹಂಗಾದ್ರೆ ಕಾರ್ಡೇ ಹೋಗಿದೆ," ಎಂದೆ, ನೋಡದೆಯೇ. ಪರೀಕ್ಷೆಗೆಂದೇ ನಾನು ಡಬ್ಬಿಯಲ್ಲಿ ಇನ್ನೊಂದು ಚಾಲ್ತಿ ಕಾರ್ಡ್ ಇಟ್ಟಿರುತ್ತೇನೆ. ಅದನ್ನು ಹುಡುಕಲು ಐದು ನಿಮಿಷ, ಹಾಕಿ ಫೋನು ಹಚ್ಚಲು ಎರಡು ನಿಮಿಷ. ಅವಳು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು.

ಸಿಮ್ ಕಾರ್ಡ್ ಇಲ್ಲ.

ನನ್ನ ಕಾರ್ಡಿಗೂ ಅದೇ ಉತ್ತರ. ಅಂದರೆ ದೋಷ ಕಾರ್ಡಿನದಲ್ಲ, ಒಳಗೆ ಅದನ್ನು ಓದುವ ರೀಡರಿನದು. ನನಗೆ ಸಿಟ್ಟು ತಲೆಗೇರಿತು. ಫೋನು ಆರಿಸಿ, ತಟ್ಟೆ ಹೊರಗೆಳೆದು, ಒಳಗೆ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ಇಣುಕಿದೆ. ಒಳಗೆ ಆರು ಸಣ್ಣ ಲೋಹದ ನಾಲಿಗೆಗಳಿರುತ್ತವೆ. ಒಂದೊಂದೂ ಕಾರ್ಡನ್ನು ಒತ್ತಿ ಮುಟ್ಟಬೇಕು. ಮುಖ್ಯವಾದ ಒಂದು ಮುಟ್ಟದಿದ್ದರೂ ಫೋನಿಗೆ ಕಾರ್ಡ್ ಕಾಣುವುದಿಲ್ಲ. ಇಲ್ಲಿ ಐದು ನೆಟ್ಟಗಿದ್ದವು. ಆರನೆಯದು ಹಿಂದಕ್ಕೆ ಮಡಚಿ ಮಲಗಿತ್ತು, ಅದಕ್ಕೆ ಏನೋ ಸುತ್ತಿಕೊಂಡಿತ್ತು.

ಚಿಮುಟದಿಂದ ಮೆಲ್ಲಗೆ ಎಳೆದೆ. ಅದರ ತುದಿಗೆ ಬಂದದ್ದು ಹಳದಿ ಟೇಪಿನ ಚೂರು.

ಆ ಹಳದಿ ಟೇಪು ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಇರುವುದಿಲ್ಲ. ಬೆಸುಗೆ ಬಿಡಿಸಲು ಬಿಸಿಗಾಳಿ ಹಿಡಿಯುವಾಗ ಪಕ್ಕದ ಭಾಗ ಸುಡದಿರಲಿ ಎಂದು ರಿಪೇರಿಯವರು ಅಂಟಿಸುವ ಟೇಪು ಅದು. ನನ್ನ ಮೇಜಿನ ಮೇಲೆ ಅದರ ಸುರುಳಿ ನನ್ನನ್ನೇ ನೋಡುತ್ತಿತ್ತು. ಕೈಗೆ ಸಿಕ್ಕಿತೆಂದು ಅದನ್ನೇ ಹಚ್ಚಿದ್ದೆ, ಅದೂ ನಾಲಿಗೆಗಳು ಮುಟ್ಟುವ ಬದಿಯ ಮೂಲೆಗೆ. ಅದರ ಅಂಚು ಎದ್ದಿದೆ. ಬೆಳಿಗ್ಗೆ ಅವಳು ತಟ್ಟೆ ಎಳೆದಾಗ ನಾಲಿಗೆಗೆ ಅಂಟಿ, ಅದನ್ನೂ ಮಡಚಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳ ಹೇರ್‌ಪಿನ್ನನ್ನು ಬೈದಿದ್ದೆ.

"ಏನಣ್ಣ, ಸಿಕ್ತಾ?"

"ರೀಡರ್ ಮುರಿದಿದೆ," ಎಂದೆ. ಟೇಪನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. "ಫೋನು ಪೂರ್ತಿ ಬಿಚ್ಚಿ, ಹಳೇದನ್ನ ಬಿಸಿಗಾಳೀಲಿ ತೆಗೆದು ಹೊಸದು ಕೂರಿಸಬೇಕು. ಆ ಭಾಗ ನನ್ನ ಹತ್ರ ಇಲ್ಲ. ನಾಳೆ ಬೆಳಿಗ್ಗೆ ಆಗುತ್ತೆ."

ಅವಳು ಎದ್ದು ನಿಂತಳು. "ಕಾರ್ಡ್ ಚೆನ್ನಾಗಿದ್ಯಾ?"

"ಇರಬೇಕು."

"ಹಂಗಾದ್ರೆ ಅದನ್ನ ನಿಮ್ಮ ಫೋನಿಗೆ ಹಾಕಬಾರ್ದಾ?"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಯಿತು. ಅವಳ ಕಾರ್ಡನ್ನು ಬೇರೆ ಫೋನಿನಲ್ಲಿ ನೋಡುವುದು ನಾನು ಮೊದಲ ನಿಮಿಷದಲ್ಲೇ ಮಾಡಬೇಕಾದ ಕೆಲಸ. ಕಲಿಯಲು ಬಂದವರಿಗೆಲ್ಲ ಅದನ್ನೇ ಮೊದಲು ಹೇಳಿಕೊಡುತ್ತೇನೆ. ಬೈಯುವ ಭರದಲ್ಲಿ ನಾನೇ ಮರೆತಿದ್ದೆ.

ನನ್ನ ಕಾರ್ಡ್ ತೆಗೆದು ಅವಳದು ಹಾಕಿದೆ. ನೆಟ್‌ವರ್ಕ್ ಗೆರೆಗಳು ತಕ್ಷಣ ಮೂಡಿದವು. ಗಂಟೆ ನಾಲ್ಕೂ ಇಪ್ಪತ್ತು. ಹಿಂದೆಯೇ ಎರಡು ಸಂದೇಶ ಬಂದವು. ಮೂರು ಐವತ್ತಕ್ಕೆ ಒಂದು ಕರೆ ತಪ್ಪಿದೆ. ನಾಲ್ಕು ಹತ್ತಕ್ಕೆ ಇನ್ನೊಂದು. ಎರಡೂ ಒಂದೇ ಸಂಖ್ಯೆ.

ಅವಳು ಆ ಸಂಖ್ಯೆಗೆ ಮಾಡಿದಳು. ಬ್ಯುಸಿ. ಮತ್ತೆ ಮಾಡಿದಳು. ಹನ್ನೊಂದನೆಯ ಸಲಕ್ಕೆ ಒಬ್ಬ ಹೆಂಗಸು ಎತ್ತಿದಳು. ಅಂಗಡಿ ಚಿಕ್ಕದು, ನನಗೆಲ್ಲ ಕೇಳಿಸಿತು.

"ಎರಡು ಸಲ ಮಾಡಿದ್ವಿ ಅಮ್ಮ, ನೀವು ಎತ್ತಲಿಲ್ಲ. ಮುಂದಿನವರು ಒಪ್ಪಿದ್ದಾರೆ. ನಾಳೆ ಹತ್ತು ಗಂಟೆಗೆ ಅವರು ಬರದಿದ್ರೆ ನಿಮಗೇ ಮಾಡ್ತೀವಿ."

ಹೊಲಿಗೆಯಕ್ಕ ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಅಂಗೈ ಬಿಚ್ಚಿ ಟೇಪು ತೋರಿಸಿದೆ. "ಇದು ನಂದು. ಒಳಗೆ ಸಿಕ್ಕಿದ್ದು ಇದೇ. ತಪ್ಪು ನಿಮ್ಮದಲ್ಲ ಅಕ್ಕ, ನಂದು."

ಅವಳು ಆ ಚೂರನ್ನು ನೋಡಿದಳು. "ಆಗ ಗಿರಾಕಿ ಎದುರಿಗೇ ಬೈದ್ರಲ್ಲ," ಎಂದಳು. "ಈಗ ಅಂಗಡೀಲಿ ಯಾರೂ ಇಲ್ಲ."

ತನ್ನ ಕಾರ್ಡಿದ್ದ ನನ್ನ ಫೋನನ್ನು ತೆಗೆದುಕೊಂಡು ಹೋದಳು. ಕೊಡಿ ಎಂದು ಕೇಳಲಿಲ್ಲ, ನಾನೂ ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ರೀಡರ್ ತಂದೆ. ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ನನ್ನ ಪರೀಕ್ಷೆಯ ಕಾರ್ಡ್ ಹಾಕಿ ಮೂರು ಸಲ ನೋಡಿದೆ. ಹತ್ತು ಹೊಡೆಯಿತು. ಹತ್ತೂವರೆಯಾಯಿತು. ಗಿರಾಕಿ ಬಂದರೂ ನನ್ನ ಕಣ್ಣು ಬೀದಿಯ ಮೇಲೇ ಇತ್ತು.

ಹನ್ನೊಂದಕ್ಕೆ ಅವಳು ಬಂದು ನನ್ನ ಫೋನನ್ನು ಮೇಜಿನ ಮೇಲಿಟ್ಟಳು. ಆಸ್ಪತ್ರೆಯಿಂದ ಕರೆ ಬಂದಿರಲಿಲ್ಲ, ಕೇಳುವ ಅಗತ್ಯವಿರಲಿಲ್ಲ.

ಅವಳ ಕಾರ್ಡನ್ನು ಅವಳ ಫೋನಿಗೆ ಹಾಕಿದೆ. ಗೆರೆಗಳೆಲ್ಲ ತುಂಬಿ ನಿಂತವು. "ಈಗ ಯಾರು ಮಾಡಿದ್ರೂ ಬರುತ್ತೆ," ಎಂದೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಪಿನ್ನು ತೆಗೆದುಕೊಂಡು ತಟ್ಟೆ ಎಳೆಯಲು ಹೋದಳು. "ಇನ್ನು ಟೇಪಿಲ್ಲ. ತೆಗೆದ್ರೆ ಬೀಳುತ್ತಲ್ಲ?"

"ಹಂಗೆ ಓರೆ ಹಿಡೀಬೇಡಿ ಅಕ್ಕ. ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು ಎಳೀರಿ. ಬೀಳಲ್ಲ."

ಮೇಜಿನ ಮೇಲಿಟ್ಟು ಎಳೆದಳು. ಕಾರ್ಡ್ ತಟ್ಟೆಯಲ್ಲಿ ಅಲುಗಾಡದೆ ಕೂತಿತ್ತು. ಮತ್ತೆ ಒಳಗೆ ತಳ್ಳಿದಳು, ಮತ್ತೆ ಎಳೆದಳು. ಬೀಳಲಿಲ್ಲ.

"ಇಷ್ಟೇನಾ?" ಎಂದಳು. "ಇದನ್ನ ಆವತ್ತೇ ಹೇಳಬಹುದಿತ್ತಲ್ಲಣ್ಣ."

ಹೇಳಬಹುದಿತ್ತು. ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.