ಬಿಳಿ ಬೆಡ್‌ಶೀಟಿನ ಮೇಲೆ ಕೆಂಪು ಧೂಳು

"ಹಾಸಿಗೆ ತುಂಬ ಕೆಂಪು ಧೂಳು. ಕೊಳಕು ಜಾಗ." ಬಳ್ಳಾರಿಯ ನನ್ನ ಗೆಸ್ಟ್‌ಹೌಸ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹೀಗೆ ಬರೆದವನು ಇಟಲಿಯ ಎಂಜಿನಿಯರ್. ಗಣಿಯಲ್ಲಿ ಅದಿರು ಪುಡಿಮಾಡುವ ಯಂತ್ರ ಕೂಡಿಸಲು ಬಂದು ನಮ್ಮಲ್ಲಿ ಒಂದು ತಿಂಗಳಿದ್ದ. ದಿನಕ್ಕೆರಡು ಸಲ ಅವನ ಬೆಡ್‌ಶೀಟ್ ಬದಲಿಸಿದವಳು ನಾನು!

ಹಲ್ಲು ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಮರ್ಯಾದೆಯ ಉತ್ತರ ಬರೆದೆ. ಗಣಿಯಲ್ಲಿ ಅವನಿಗೆ ದುಭಾಷಿಯಾಗಿದ್ದ ರಶ್ಮಿ ಅದನ್ನು ಇಟಾಲಿಯನ್‌ಗೆ ತಿರುಗಿಸಿದಳು. ಹಾಕುವ ಮೊದಲು ಕನ್ನಡದಲ್ಲಿ ಹೇಳಿಸಿ ಕೇಳಿದೆ. ಮೊದಲ ಸಾಲೇ, "ನಮ್ಮ ಕೊಳಕನ್ನು ಕ್ಷಮಿಸಿ."

"ಇದನ್ನ ನಾ ಎಲ್ಲಿ ಬರದೀನಿ?"

"ಇಂಥ ಉತ್ತರದಾಗ ಮೊದಲು ಕ್ಷಮಾ ಕೇಳೋದು ರೂಢಿ ಐತಿ, ಕೌಸರಕ್ಕ."

"ಧೂಳು ಯಾರದು, ಕ್ಷಮಾ ಯಾರು ಕೇಳಬೇಕು? ತಗಿ ಅದನ್ನ! ನಾ ಏನು ಬರದೀನಿ ಅಷ್ಟ ಹಾಕು."

ರಶ್ಮಿ ಆ ಸಾಲು ಅಳಿಸಿದಳು. ನನ್ನ ಮಾತಷ್ಟೇ ಇಟಲಿಗೆ ಹೋಯಿತು:

"ಮಾನ್ಯರೇ, ನಮ್ಮಲ್ಲಿ ತಂಗಿದ್ದಕ್ಕೆ ಧನ್ಯವಾದ. ನೀವು ಕೂಡಿಸಿದ ಯಂತ್ರ ಬಹಳ ಚೆನ್ನಾಗಿ ಓಡುತ್ತಿದೆ. ಅದು ಪುಡಿಮಾಡಿದ ಅದಿರಿನ ಲಾರಿಗಳು ಹಗಲೆಲ್ಲ ನಮ್ಮ ಬಾಗಿಲ ಮುಂದೆಯೇ ಹೋಗುತ್ತವೆ. ನಿಮ್ಮ ಹಾಸಿಗೆಯ ಮೇಲಿದ್ದ ಧೂಳು ಈಗ ನಮ್ಮ ಊಟದ ತಟ್ಟೆಗೂ ಬಂದಿದೆ. ದಯವಿಟ್ಟು ಇನ್ನೊಮ್ಮೆ ಬನ್ನಿ, ಜೊತೆಗೆ ಕೂತು ಉಣ್ಣೋಣ."